ಸ್ಕ್ಯಾನಿಂಗ್‌ನಲ್ಲಿ ಎಎಫ್‌ಐ 4.9 ಬಂದಿದೆ, ಕೂಡಲೇ ಹೆರಿಗೆ ಮಾಡಿಸಲೇಬೇಕಾ?

ಹೊಸ_ಅಪ್ಪ
ಹೆಂಡತಿಗೆ ಈಗ 34 ವಾರ, ಮೊದಲ ಬಸಿರು. 31ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಎಎಫ್‌ಐ 11 ಇತ್ತು. ನಿನ್ನೆ ಮಾಡಿಸಿದಾಗ 4.9. ರಿಪೋರ್ಟಿನಲ್ಲಿ ಗರ್ಭಜಲ ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಮಗುವಿನ ತೂಕ 2.1 ಕೆಜಿ, ತಲೆ ಕೆಳಗಿದೆ, ಡಾಪ್ಲರ್ ನಾರ್ಮಲ್ ಅಂತಿದೆ. ಬಿಪಿ, ಶುಗರ್ ಸರಿ ಇವೆ. ಮಗು ಚೆನ್ನಾಗಿ ಒದೆಯುತ್ತಿದೆ. ಡಾಕ್ಟರು ನಾಳೆ ಅಡ್ಮಿಟ್ ಆಗಿ, ನೋಡೋಣ, ಈ ವಾರವೇ ಮಗುವನ್ನು ತೆಗೆಯಬೇಕಾಗಬಹುದು ಅಂದರು. ಮೂರು ವಾರದಲ್ಲಿ ನೀರು ಅರ್ಧಕ್ಕಿಂತ ಕೆಳಗೆ ಇಳಿಯುವುದು ಹೇಗೆ? ಇಷ್ಟು ಬೇಗ ಹೆರಿಗೆ ಮಾಡಿಸಲೇಬೇಕಾ?

ಎರಡು_ಮಕ್ಕಳ_ತಾಯಿ
ಹೆದರಬೇಡಿ ಅಣ್ಣ. ನನಗೂ ದೊಡ್ಡವಳ ಸಲ 7 ಅಂದಿದ್ದರು. ದಿನಕ್ಕೆ ಮೂರು ಲೀಟರ್ ನೀರು ಕುಡಿದೆ, ಮುಂದಿನ ಸ್ಕ್ಯಾನ್‌ಗೆ 10 ಬಂತು. ಎಡಕ್ಕೆ ತಿರುಗಿ ಮಲಗಲಿ, ಜಾಸ್ತಿ ನೀರು ಕುಡಿಯಲಿ. ಎಲ್ಲ ಸರಿ ಹೋಗುತ್ತೆ.

ಲೆಕ್ಕಿಗ
ದಯವಿಟ್ಟು ಇಂಥ ಸಲಹೆ ಕೊಡಬೇಡಿ. 7 ಬೇರೆ, 4.9 ಬೇರೆ. 5ಕ್ಕಿಂತ ಕೆಳಗೆ ಬಂದರೆ ಸಿಸೇರಿಯನ್, ಅಷ್ಟೇ. ಹೊಕ್ಕುಳ ಬಳ್ಳಿ ಒತ್ತಿಕೊಂಡರೆ ಮಗುವಿಗೆ ಉಸಿರಿರಲ್ಲ. ನೀರು ಕುಡೀತಾ ಕೂತರೆ ಆಗೋದು ಕೆಟ್ಟದ್ದೇ. ಬ್ರದರ್, ನಾಳೆ ಯಾಕೆ, ಈಗಲೇ ಹೊರಡಿ.

ಸ್ಕ್ಯಾನ್_ರೂಮಿಂದ
ನಾನು ಸ್ಕ್ಯಾನಿಂಗ್ ಮಾಡುವವಳು. ಅಡ್ಮಿಟ್ ಆಗಿ ಅಂದಿದ್ದಾರಲ್ಲ, ಅದು ಒಳ್ಳೆಯದೇ, ಹೋಗಿ. ಆದರೆ ಹೊ‍ಸ_ಅಪ್ಪ ಅವರೇ, ರಿಪೋರ್ಟಿನಲ್ಲಿ 4.9 ಅನ್ನುವ ಮೊತ್ತದ ಜೊತೆ ನಾಲ್ಕು ಬಿಡಿ ಅಂಕಿಗಳು ಇರಬೇಕು. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದೊಂದರಲ್ಲೂ ಅತಿ ಆಳದ ನೀರಿನ ಜಾಗವನ್ನು ಸೆಂಟಿಮೀಟರಿನಲ್ಲಿ ಅಳೆದು ಕೂಡಿದ್ದೇ ಎಎಫ್‌ಐ. ಆ ನಾಲ್ಕನ್ನೂ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಲೆಕ್ಕಿಗ ಅವರೇ, "5ಕ್ಕಿಂತ ಕೆಳಗೆ ಅಂದರೆ ಸಿಸೇರಿಯನ್" ಅಂತ ಯಾವ ನಿಯಮವೂ ಇಲ್ಲ. ಹೆರಿಗೆ ಮಾಡಿಸಬೇಕು ಅಂತ ತೀರ್ಮಾನವಾದರೂ ಎಷ್ಟೋ ಜನಕ್ಕೆ ನೋವು ಬರಿಸಿ ನಾರ್ಮಲ್ ಹೆರಿಗೆಯೇ ಮಾಡಿಸುತ್ತಾರೆ. ಮಗುವಿನ ಎದೆಬಡಿತ ನೋಡಿಕೊಂಡೇ ಮಾಡಿಸಬೇಕು, ಅದು ನಿಜ.

ಹೊಸ_ಅಪ್ಪ
ಹಾಂ, ಇದೆ ಮೇಡಂ. 2.6, 1.4, 0, 0.9.

ಮೊದಲ_ಬಸಿರು
ನನ್ನದೂ ಇದೇ ಸಮಸ್ಯೆ. 32 ವಾರ, ಎಎಫ್‌ಐ 27. ಮೂರು ಲೀಟರ್ ನೀರು ಕುಡಿದರೆ ಇಳಿಯುತ್ತಾ?

ಲೆಕ್ಕಿಗ
@ಮೊದಲ_ಬಸಿರು ನಿಮ್ಮದು ಜಾಸ್ತಿ ನೀರಿನ ಕೇಸ್ ರೀ, ಇದು ಕಡಿಮೆ ನೀರಿನದು. ಪೂರ್ತಿ ಉಲ್ಟಾ.

ಸ್ಕ್ಯಾನ್_ರೂಮಿಂದ
@ಮೊದಲ_ಬಸಿರು ನಿಮ್ಮ ವಿಷಯಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಗಾಬರಿ ಬೇಡ, ಉಸಿರಾಟಕ್ಕೆ ಕಷ್ಟ ಇದ್ದರೆ ಮಾತ್ರ ಈಗಲೇ ಡಾಕ್ಟರಿಗೆ ಹೇಳಿ.

@ಹೊಸ_ಅಪ್ಪ, ಆ ನಾಲ್ಕರಲ್ಲಿ ಮೊದಲನೆಯದನ್ನು ನೋಡಿ. 2.6. ನಾಲ್ಕನ್ನೂ ಕೂಡಿದರೆ 4.9, ಅಂದರೆ 5ರ ಗೆರೆಯ ಕೆಳಗೆ. ಆದರೆ ನೀರು ಅಳೆಯಲು ಇನ್ನೊಂದು ದಾರಿ ಇದೆ. ಕೂಡುವುದೇ ಬೇಡ, ಎಲ್ಲಕ್ಕಿಂತ ಆಳದ ಒಂದೇ ಪಾಕೆಟ್ ನೋಡುವುದು. ಅದು 2ಕ್ಕಿಂತ ಕಡಿಮೆ ಇದ್ದರೆ ನೀರು ಕಡಿಮೆ, 8ಕ್ಕೆ ಮುಟ್ಟಿದರೆ ಅಥವಾ ದಾಟಿದರೆ ಜಾಸ್ತಿ. ಆ ಲೆಕ್ಕದಲ್ಲಿ ನಿಮ್ಮ ಮಗುವಿಗೆ ನೀರು ಕಡಿಮೆಯೇ ಅಲ್ಲ. ಅದೇ ಹೊಟ್ಟೆ, ಅದೇ ಸ್ಕ್ಯಾನ್, ಒಂದು ಅಳತೆಯಲ್ಲಿ ಕಾಯಿಲೆ, ಇನ್ನೊಂದರಲ್ಲಿ ನಾರ್ಮಲ್.

ಲೆಕ್ಕಿಗ
ಅಂದರೆ ಬೇಕಾದ ಅಳತೆ ಆರಿಸಿಕೊಂಡು ಸಮಾಧಾನ ಮಾಡಿಕೊಳ್ಳೋದಾ? ಎಚ್ಚರಿಕೆ ಕೊಡೋ ಅಳತೆಯನ್ನು ಹಿಡಿಯೋದು ಸೇಫ್ ಅಲ್ವಾ?

ಸ್ಕ್ಯಾನ್_ರೂಮಿಂದ
ಹಾಗೆ ಅನ್ನಿಸುವುದು ಸಹಜ. ಆದರೆ ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2016ರಲ್ಲಿ ಬಂದ ಸೇಫ್ ಅನ್ನುವ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಎಎಫ್‌ಐ, ಇನ್ನೊಂದರಲ್ಲಿ ಒಂದೇ ಪಾಕೆಟ್ ಅಳೆದರು. ಎಎಫ್‌ಐ ಗುಂಪಿನಲ್ಲಿ "ನೀರು ಕಡಿಮೆ" ಅಂತ ಹಣೆಪಟ್ಟಿ ಬಿದ್ದವರು ಜಾಸ್ತಿ, ಅದೇ ಕಾರಣಕ್ಕೆ ನೋವು ಬರಿಸಿಕೊಂಡವರೂ ಜಾಸ್ತಿ. ಆದರೆ ಮಕ್ಕಳ ಸ್ಥಿತಿಯಲ್ಲಿ ಅದರಿಂದ ಏನೂ ಲಾಭ ಕಾಣಲಿಲ್ಲ. ಅದಕ್ಕೂ ಮೊದಲಿನ ಕಾಕ್ರೇನ್ ವಿಮರ್ಶೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. 34 ವಾರದಲ್ಲಿ ಸುಮ್ನೆ ಹೊರಗೆ ತೆಗೆದರೆ ಅದೂ ಮಗುವಿಗೆ ಸೇಫ್ ಅಲ್ಲ ಅಲ್ವಾ?

ಅಳೆಯುವ ಕೈಯ ಮೇಲೂ ತುಂಬಾ ಇದೆ. ಪ್ರೋಬನ್ನು ಜೋರಾಗಿ ಒತ್ತಿದರೆ ಪಾಕೆಟ್ ಚಪ್ಪಟೆಯಾಗಿ ಅಂಕಿ ಇಳಿಯುತ್ತದೆ. ಪಾಕೆಟ್ ಒಳಗೆ ಹೊಕ್ಕುಳ ಬಳ್ಳಿಯ ಸುರುಳಿ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಅಂಕಿ ಸುಳ್ಳಾಗಿ ಏರುತ್ತದೆ. ಮಗು ಹೊರಳಿದರೆ ಐದು ನಿಮಿಷದಲ್ಲೇ ಒಂದು ಭಾಗದ ಸೊನ್ನೆ ಎರಡಾಗಬಹುದು.

ಹೊಸ_ಅಪ್ಪ
ಹಾಗಾದರೆ ಏನೂ ಆಗಿಲ್ಲ ಅಂದುಕೊಳ್ಳಬಹುದಾ?

ಸ್ಕ್ಯಾನ್_ರೂಮಿಂದ
ಇಲ್ಲ. ಅದನ್ನು ನಾನು ಹೇಳಲಿಲ್ಲ. 11ರಿಂದ 4.9ಕ್ಕೆ ಇಳಿದದ್ದನ್ನು ಪೂರ್ತಿ ಅಳತೆಯ ತಪ್ಪಿನ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಗೆರೆ ದಾಟಿತೋ ಇಲ್ಲವೋ ಬೇರೆ ಮಾತು, ಇಳಿದಿದೆ. ಯಾಕೆ ಇಳಿಯಿತು ಅಂತ ಹುಡುಕಬೇಕು.

ಈ ತಿಂಗಳುಗಳಲ್ಲಿ ಗರ್ಭಜಲ ಅಂದರೆ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ಮಗು ಉಚ್ಚೆ ಹೊಯ್ಯುತ್ತದೆ, ಆ ನೀರನ್ನೇ ನುಂಗುತ್ತದೆ, ಮತ್ತೆ ಹೊಯ್ಯುತ್ತದೆ. ಆದ್ದರಿಂದ ನೀರು ಇಳಿದರೆ ಕೇಳಬೇಕಾದದ್ದು ಮೂರೇ. ಎಲ್ಲಾದರೂ ಸೋರುತ್ತಿದೆಯಾ? ಮಗು ಮೂತ್ರ ಮಾಡುವುದು ಕಡಿಮೆಯಾಗಿದೆಯಾ? ಕಡಿಮೆಯಾಗಿದ್ದರೆ, ಕಿಡ್ನಿಯಲ್ಲೇ ತೊಂದರೆಯಾ, ಮಾಸುಚೀಲ ಸರಿಯಾಗಿ ರಕ್ತ ಕೊಡದೆ ಕಿಡ್ನಿಗೆ ಸಾಲುತ್ತಿಲ್ಲವಾ, ಅಥವಾ ಹೊರಗಿನ ಔಷಧವೇನಾದರೂ ಕಿಡ್ನಿಯ ಕೆಲಸ ತಗ್ಗಿಸಿದೆಯಾ?

ಐದನೇ ತಿಂಗಳ ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ, ಮೂತ್ರಚೀಲ ನಾರ್ಮಲ್ ಇತ್ತಾ? ನಿನ್ನೆ ಮೂತ್ರಚೀಲ ತುಂಬಿರುವುದು ಕಂಡಿತಾ?

ಹೊಸ_ಅಪ್ಪ
ಐದನೇ ತಿಂಗಳಲ್ಲಿ ಎಲ್ಲ ನಾರ್ಮಲ್. ನಿನ್ನೆಯ ರಿಪೋರ್ಟಿನಲ್ಲೂ ಮೂತ್ರಚೀಲ ಕಂಡಿದೆ ಅಂತ ಬರೆದಿದೆ. 31ನೇ ವಾರದಲ್ಲಿ ಮಗುವಿನ ತೂಕ 1.6 ಕೆಜಿ ಇತ್ತು.

ಸ್ಕ್ಯಾನ್_ರೂಮಿಂದ
ಮೂರು ವಾರದಲ್ಲಿ ಅರ್ಧ ಕೆಜಿ ಏರಿದೆ, ಡಾಪ್ಲರ್ ಚೆನ್ನಾಗಿದೆ. ಮಾಸುಚೀಲ ಸೋತಿದ್ದರೆ ಸಾಮಾನ್ಯವಾಗಿ ಮಗುವಿನ ಬೆಳವಣಿಗೆ ಕುಂಟುತ್ತದೆ, ಹೊಕ್ಕುಳ ಬಳ್ಳಿಯ ರಕ್ತ ಹರಿವು ಬದಲಾಗುತ್ತದೆ. ಅದು ನನ್ನ ಪಟ್ಟಿಯಲ್ಲಿ ಕೆಳಗೆ ಹೋಯಿತು. ಪೂರ್ತಿ ಅಳಿಸಿಲ್ಲ. ಸೋರುವಿಕೆ ನೋಡಿದರಾ?

ರಾತ್ರಿ_ಪಾಳಿ
ಹೆರಿಗೆ ವಾರ್ಡಿನ ನರ್ಸ್ ನಾನು. ಇದನ್ನು ಎಷ್ಟೋ ಜನ ಗಮನಿಸಿರುವುದೇ ಇಲ್ಲ. "ನೀರು ಒಡೆಯೋದು" ಅಂದರೆ ದಬದಬ ಸುರಿಯಬೇಕು ಅಂದುಕೊಂಡಿರುತ್ತಾರೆ. ಎಷ್ಟೋ ಸಲ ಬರೀ ಒದ್ದೆ ಒದ್ದೆ ಅನ್ನಿಸುತ್ತೆ, ಅಷ್ಟೇ. ಬಿಳಿ ಹೋಗ್ತಿದೆ ಅಂದ್ಕೋತಾರೆ, ಇಲ್ಲ ತಡೆಯಲಾರದೆ ಉಚ್ಚೆ ಬಂತು ಅಂದ್ಕೋತಾರೆ.

ಮೊದಲು ಮೂತ್ರ ಮಾಡಿ ಬಂದು, ಒಣ ಪ್ಯಾಡ್ ಹಾಕಿಕೊಂಡು, ಅರ್ಧ ಗಂಟೆ ಮಲಗಿ, ಆಮೇಲೆ ಎದ್ದು ನಿಂತು ಕೆಮ್ಮಲಿ. ಆಗ ಬಣ್ಣವಿಲ್ಲದ, ಉಚ್ಚೆ ವಾಸನೆ ಇಲ್ಲದ ನೀರು ಇಳಿದರೆ ಅನುಮಾನ ಬರಬೇಕು. ಹಸಿರು ಅಥವಾ ಕಂದು ಬಣ್ಣ ಇದ್ದರೆ ಪ್ಯಾಡ್ ಎಸೆಯದೆ ತೆಗೆದುಕೊಂಡೇ ಬನ್ನಿ. ಆದರೆ ಪ್ಯಾಡ್ ಒಣಗಿತ್ತು ಅಂತ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಸ್ಪೆಕ್ಯುಲಂ ಹಾಕಿ ಒಳಗೆ ನೀರು ನಿಂತಿದೆಯಾ ಅಂತ ಕಣ್ಣಾರೆ ನೋಡಬೇಕು. ಒಂದು ಮಾತು, ಸೋರಿದೆ ಅನ್ನುವ ಅನುಮಾನ ಇದ್ದು ನೋವು ಶುರುವಾಗಿಲ್ಲದಿದ್ದರೆ ಬೆರಳು ಹಾಕಿ ನೋಡೋದು ಬೇಡ. ಸೋಂಕಿಗೆ ದಾರಿ.

ಹೊಸ_ಅಪ್ಪ
ಇವತ್ತು ಬೆಳಿಗ್ಗೆ ಅಡ್ಮಿಟ್ ಆದೆವು. ಸ್ಪೆಕ್ಯುಲಂ ಹಾಕಿ ನೋಡಿದರು, ಒಂದು ಸ್ಟ್ರಿಪ್ ಟೆಸ್ಟ್ ಕೂಡ ಮಾಡಿದರು. ಸೋರಿಕೆ ಇಲ್ಲ ಅಂದರು. ಮಗುವಿನ ಎದೆಬಡಿತ ನೋಡುವ ಎನ್‌ಎಸ್‌ಟಿ ಚೆನ್ನಾಗಿದೆಯಂತೆ. ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕಾ ಬೇಡವಾ ಅಂತ ಅವರಲ್ಲೇ ಎರಡು ಅಭಿಪ್ರಾಯ ಇದೆ. ಡ್ರಿಪ್ ಹಾಕಿದ್ದಾರೆ.

ಎರಡು_ಮಕ್ಕಳ_ತಾಯಿ
ನೋಡಿ, ಡ್ರಿಪ್ ಹಾಕಿದರಲ್ಲ! ನಾನು ಹೇಳಿದ್ದೂ ಅದೇ ತಾನೇ, ನೀರು.

ಸ್ಕ್ಯಾನ್_ರೂಮಿಂದ
ನೀರಿನ ಮಾತನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ತಾಯಿ ಒಂದೆರಡು ಲೀಟರ್ ನೀರು ಕುಡಿದರೆ ಕೆಲವೇ ಗಂಟೆಗಳಲ್ಲಿ ಎಎಫ್‌ಐ ಸ್ವಲ್ಪ ಏರುವುದು ನಿಜ, ಅದನ್ನು ಅಳೆದು ತೋರಿಸಿದ್ದಾರೆ. ನಿಮಗೆ 7 ಇದ್ದದ್ದು 10 ಆದದ್ದೂ ಹಾಗೇ ಇರಬಹುದು. ಆದರೆ 7 ಅನ್ನುವುದು ಮೊದಲೇ ಕಾಯಿಲೆ ಆಗಿರಲಿಲ್ಲ. ಅಂಕಿ ಏರಿದ್ದರಿಂದ ಮಗುವಿಗೆ ಒಳ್ಳೆಯದಾಯಿತು ಅಂತ ತೋರಿಸಲು ಮಾತ್ರ ಇನ್ನೂ ಆಗಿಲ್ಲ. ನೀರು ಸೋರುತ್ತಿದ್ದರೆ, ಮಾಸುಚೀಲ ಸೋತಿದ್ದರೆ, ಬಿಂದಿಗೆಗಟ್ಟಲೆ ಕುಡಿದರೂ ಕಾರಣ ಹಾಗೇ ಉಳಿಯುತ್ತೆ.

ಹೊಸ_ಅಪ್ಪ, ಇನ್ನೊಂದು ಪ್ರಶ್ನೆ. ಕಳೆದ ಮೂರು ವಾರದಲ್ಲಿ ಅವರು ಯಾವ್ಯಾವ ಮಾತ್ರೆ ತೆಗೆದುಕೊಂಡಿದ್ದಾರೆ? ಕಬ್ಬಿಣ, ಕ್ಯಾಲ್ಸಿಯಂ ಬಿಟ್ಟು. ನೋವಿನ ಮಾತ್ರೆ ಏನಾದರೂ?

ಹೊಸ_ಅಪ್ಪ
ಹಲ್ಲು ನೋವಿತ್ತು. ದಂತವೈದ್ಯರು ಡಿಕ್ಲೋಫೆನಾಕ್ ಕೊಟ್ಟಿದ್ದರು, ದಿನಕ್ಕೆ ಎರಡು. ಐದು ದಿನಕ್ಕೆ ಬರೆದಿದ್ದರು. ನೋವು ಬಂದಾಗಲೆಲ್ಲ ಇವಳು ಮುಂದುವರಿಸಿದ್ದಾಳೆ, ಹತ್ತಿರ ಹತ್ತಿರ ಎರಡು ವಾರ ಆಗಿರಬಹುದು. ಮೊನ್ನೆ ರಾತ್ರಿಯೂ ತಗೊಂಡಿದ್ದಾಳೆ. ಇದನ್ನು ಇಲ್ಲಿ ಯಾರೂ ಕೇಳಲಿಲ್ಲ, ನಮಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಇದಕ್ಕೂ ನೀರಿಗೂ ಏನು ಸಂಬಂಧ?

ಸ್ಕ್ಯಾನ್_ರೂಮಿಂದ
ತುಂಬಾ ಸಂಬಂಧ ಇದೆ. ಇದನ್ನು ಓದಿದ ಕೂಡಲೇ ವಾರ್ಡಿನ ಡಾಕ್ಟರಿಗೆ ಹೇಳಿ, ಸಂಜೆ ರೌಂಡ್ಸ್ ತನಕ ಕಾಯಬೇಡಿ. ಮಾತ್ರೆಯ ಪಟ್ಟಿ ಇದ್ದರೆ ತೋರಿಸಿ.

ಡಿಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮಾಸುಚೀಲ ದಾಟಿ ಮಗುವಿಗೆ ಹೋಗುತ್ತವೆ. ಅಲ್ಲಿ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗಿ ಮಗು ಮೂತ್ರ ಮಾಡುವುದು ತಗ್ಗುತ್ತದೆ. ಮೂತ್ರ ತಗ್ಗಿದರೆ ಸುತ್ತಲ ನೀರು ತಗ್ಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಇದೇ ಕಾರಣಕ್ಕೆ 20 ವಾರದಿಂದಾಚೆ ಈ ಮಾತ್ರೆಗಳನ್ನು ಆದಷ್ಟು ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿತು. 30 ವಾರ ಕಳೆದ ಮೇಲಂತೂ ಇನ್ನೊಂದು ಭಯ ಇದೆ. ಮಗುವಿನ ಹೃದಯದ ಹತ್ತಿರ ಹುಟ್ಟುವ ತನಕ ತೆರೆದಿರಬೇಕಾದ ಒಂದು ರಕ್ತನಾಳ ಮೊದಲೇ ಮುಚ್ಚಿಕೊಳ್ಳಬಹುದು. ಅದನ್ನೂ ಸ್ಕ್ಯಾನಿನಲ್ಲಿ ನೋಡಲು ಕೇಳಿ.

ಒಳ್ಳೆಯ ಸುದ್ದಿ ಅಂದರೆ, ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲೇ ನೀರು ವಾಪಸ್ ಬರುತ್ತದೆ. ಎಲ್ಲರಲ್ಲೂ ಅಂತ ಹೇಳಲಾರೆ. ಹಲ್ಲು ನೋವಿಗೆ ಪ್ಯಾರಸಿಟಮಾಲ್ ಕೇಳಿ. ಹಲ್ಲಿಗೇ ಚಿಕಿತ್ಸೆ ಆಗಲಿ, ಬಸಿರಲ್ಲೂ ಮಾಡುತ್ತಾರೆ.

ಪುಟ್ಟಕ್ಕ_88
ಅಯ್ಯೋ, ನನಗೆ ಡಾಕ್ಟರು ದಿನಾ ರಾತ್ರಿ ಆಸ್ಪಿರಿನ್ ಕೊಟ್ಟಿದ್ದಾರೆ! ಅದೂ ಇದೇ ಜಾತಿ ಅಲ್ವಾ? ಇವತ್ತಿಂದ ನಿಲ್ಲಿಸಲಾ?

ಸ್ಕ್ಯಾನ್_ರೂಮಿಂದ
ನಿಲ್ಲಿಸಬೇಡಿ! ಬಿಪಿ ಏರದಿರಲಿ ಅಂತ ಕೊಡುವ ಕಡಿಮೆ ಡೋಸಿನ ಆಸ್ಪಿರಿನ್‌ಗೆ ಆ ಎಚ್ಚರಿಕೆ ಅನ್ವಯಿಸಲ್ಲ. ಎಫ್‌ಡಿಎ ಅದನ್ನು ಬೇರೆಯಾಗಿಯೇ ಇಟ್ಟಿದೆ. ಕೇಳದೆ ನಿಲ್ಲಿಸಿದರೆ ಅದೇ ತೊಂದರೆ.

ಲೆಕ್ಕಿಗ
ಒಪ್ಪಿದೆ, ಈ ಮಾತ್ರೆ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ನನ್ನ ವಾದ ಬಿಡಲ್ಲ. ಮಾತ್ರೆಯೇ ಕಾರಣ ಅಂತ ಏನು ಗ್ಯಾರಂಟಿ? ಕಾಯ್ತಾ ಕೂತಾಗ ಏನಾದರೂ ಆದರೆ?

ರಾತ್ರಿ_ಪಾಳಿ
ಕಾಯೋದು ಅಂದರೆ ಕೈಕಟ್ಟಿ ಕೂರೋದಲ್ಲ ಸರ್. ಎನ್‌ಎಸ್‌ಟಿ ಮಾಡ್ತಾ ಇರ್ತೀವಿ, ಡಾಪ್ಲರ್ ಮತ್ತೆ ನೋಡ್ತಾರೆ, ಮಗು ಒದೆಯೋದನ್ನು ತಾಯಿಯೇ ಗಮನಿಸ್ತಾಳೆ. ಒದೆತ ಕಡಿಮೆ ಅನ್ನಿಸಿದರೆ ರಾತ್ರಿ ಎರಡು ಗಂಟೆಯಾದರೂ ಎಬ್ಬಿಸಿ ಅಂತ ಹೇಳಿರ್ತೀವಿ.

ಹೊಸ_ಅಪ್ಪ
ಹೇಳಿದೆ. ಡಾಕ್ಟರು ಮಾತ್ರೆ ನಿಲ್ಲಿಸಿ, ಹೃದಯದ ಆ ರಕ್ತನಾಳ ನೋಡಿಸಿದರು. ಸರಿಯಿದೆ. ಈ ವಾರ ತೆಗೆಯೋದು ಬೇಡ, ಐದು ದಿನ ಬಿಟ್ಟು ಮತ್ತೆ ಅಳೆಯೋಣ ಅಂದಿದ್ದಾರೆ. ನಮ್ಮ ಸಂಬಂಧಿಕರೊಬ್ಬರು ನೀರು ಏರಿಸೋಕೆ ಅರ್ಜಿನೈನ್ ಪುಡಿ ಕೊಡಿಸಿ ಅಂತಿದ್ದಾರೆ. ಇನ್ನೊಬ್ಬರು ಸಿಲ್ಡೆನಾಫಿಲ್ ಅಂದರು. ಕೊಡಬಹುದಾ?

ಸ್ಕ್ಯಾನ್_ರೂಮಿಂದ
ಅರ್ಜಿನೈನ್ ಪುಡಿಯನ್ನು ಎಷ್ಟೋ ಜನ ಬರೆದುಕೊಡುತ್ತಾರೆ. ಮಗುವಿಗೆ ಲಾಭ ಇದೆ ಅನ್ನಲು ಗಟ್ಟಿ ಪುರಾವೆ ನಾನು ನೋಡಿಲ್ಲ. ಸಿಲ್ಡೆನಾಫಿಲ್ ಅನ್ನು ಸಂಬಂಧಿಕರ ಮಾತು ಕೇಳಿ ಮುಟ್ಟಲೇಬೇಡಿ. ಬೆಳವಣಿಗೆ ತೀರಾ ಕಡಿಮೆ ಇದ್ದ ಮಕ್ಕಳಿಗಾಗಿ ನೆದರ್ಲೆಂಡ್ಸ್‌ನಲ್ಲಿ ಅದರ ಮೇಲೆ ನಡೆಯುತ್ತಿದ್ದ ಪ್ರಯೋಗವನ್ನು 2018ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಆ ಮಕ್ಕಳಲ್ಲಿ ಹುಟ್ಟಿದ ಮೇಲೆ ಶ್ವಾಸಕೋಶದ ತೊಂದರೆ ಜಾಸ್ತಿ ಕಂಡಿತ್ತು. ನಿಮ್ಮ ಮಗುವಿನ ಸ್ಥಿತಿ ಅದಲ್ಲ, ಆದರೂ ಸುಮ್ನೆ ಕೊಟ್ಟು ನೋಡುವ ಔಷಧ ಅದಲ್ಲ.

ಮೊದಲ_ಬಸಿರು
ಮೇಡಂ, ನನ್ನ ಪ್ರಶ್ನೆ ಎಲ್ಲರೂ ಮರೆತರಾ? 27. ದೊಡ್ಡ ಪಾಕೆಟ್ 8.8. ನೀರು ಕುಡಿಯೋದು ಕಡಿಮೆ ಮಾಡ್ಲಾ?

ಸ್ಕ್ಯಾನ್_ರೂಮಿಂದ
ಕಡಿಮೆ ಮಾಡಬೇಡಿ, ಅದರಿಂದ ಪ್ರಯೋಜನವಿಲ್ಲ. 27 ಅಂದರೆ ಸ್ವಲ್ಪ ಜಾಸ್ತಿ, ಅಷ್ಟೇ. 30 ದಾಟಿದರೆ ಮಧ್ಯಮ, 35 ದಾಟಿದರೆ ತೀರಾ ಜಾಸ್ತಿ ಅನ್ನುತ್ತಾರೆ.

ನಿಮ್ಮಲ್ಲಿ ಪ್ರಶ್ನೆ ತಿರುಗುಮುರುಗು. ಮಗು ಜಾಸ್ತಿ ಮೂತ್ರ ಮಾಡುತ್ತಿದೆಯಾ, ಅಥವಾ ನುಂಗಲು ಆಗುತ್ತಿಲ್ಲವಾ? ತಾಯಿಗೆ ಶುಗರ್ ಏರಿದ್ದರೆ ಮಗುವಿಗೂ ಏರುತ್ತದೆ, ಆಗ ಮೂತ್ರ ಜಾಸ್ತಿ. ಹಿಂದೆ ಶುಗರ್ ಟೆಸ್ಟ್ ನಾರ್ಮಲ್ ಬಂದಿದ್ದರೂ ಈಗ ಇನ್ನೊಮ್ಮೆ ಮಾಡಿಸಬೇಕಾ ಅಂತ ಕೇಳಿ. ನುಂಗುವುದಕ್ಕೆ ಅಡ್ಡಿ ಅಂದರೆ ಅನ್ನನಾಳ ಅಥವಾ ಕರುಳು ಕಟ್ಟಿಕೊಂಡಿರುವುದು. ಅದಕ್ಕೇ ಮಗುವಿನ ಹೊಟ್ಟೆಯೊಳಗಿನ ಗುಳ್ಳೆ ಕಾಣುತ್ತಿದೆಯಾ ಅಂತ ನೋಡುತ್ತೇವೆ. ಕಾಣದೇ ಇದ್ದರೆ ಅಥವಾ ಪಕ್ಕಪಕ್ಕ ಎರಡು ಗುಳ್ಳೆ ಕಂಡರೆ ಕಿವಿ ನೆಟ್ಟಗಾಗುತ್ತದೆ. ಆದರೆ ಸ್ವಲ್ಪ ಮಾತ್ರ ಜಾಸ್ತಿ ಇರುವವರಲ್ಲಿ ಹೆಚ್ಚಿನವರಿಗೆ ಕಾರಣವೇ ಸಿಗಲ್ಲ, ಮಗುವೂ ಚೆನ್ನಾಗಿರುತ್ತದೆ.

ಮೊದಲ_ಬಸಿರು
ಸೂಜಿ ಹಾಕಿ ನೀರು ತೆಗೀತಾರಂತೆ, ನಿಜಾನಾ?

ಸ್ಕ್ಯಾನ್_ರೂಮಿಂದ
ತೆಗೆಯುತ್ತಾರೆ, ಆದರೆ ತೀರಾ ಜಾಸ್ತಿಯಾಗಿ ತಾಯಿಗೆ ಉಸಿರಾಡಲು, ಮಲಗಲು ಆಗದಿದ್ದಾಗ. 27ಕ್ಕೆ ಅಲ್ಲ.

ಹೊಸ_ಅಪ್ಪ
ಅಪ್‌ಡೇಟ್. ಇವತ್ತು ಮತ್ತೆ ಅಳೆದರು. ದೊಡ್ಡ ಪಾಕೆಟ್ 3.7, ಉಳಿದವು 2.1, 1.0, 1.5. ಒಟ್ಟು 8.3. ಮನೆಗೆ ಕಳಿಸಿದ್ದಾರೆ, ವಾರಕ್ಕೆರಡು ಸಲ ಎನ್‌ಎಸ್‌ಟಿಗೆ ಬನ್ನಿ ಅಂದರು. ಹಲ್ಲಿನ ಬೇರು ಚಿಕಿತ್ಸೆಯೂ ಶುರುವಾಗಿದೆ.

ಎರಡು_ಮಕ್ಕಳ_ತಾಯಿ
ನೀರು ಕುಡಿದದ್ದಕ್ಕೆ ಏರಿತು ನೋಡಿ 😊

ಲೆಕ್ಕಿಗ
ಮಾತ್ರೆ ನಿಲ್ಲಿಸಿದ್ದಕ್ಕೆ ಏರಿತು ಅಕ್ಕ.

ರಾತ್ರಿ_ಪಾಳಿ
ಡ್ರಿಪ್ ಹಾಕಿದ್ದೂ ಇದೆ. ಅಳೆದವರು ಬೇರೆ ಇರಬಹುದು.

ಸ್ಕ್ಯಾನ್_ರೂಮಿಂದ
ಮೂರನ್ನೂ ಒಟ್ಟಿಗೆ ಮಾಡಿದಾಗ ಯಾವುದರಿಂದ ಏರಿತು ಅಂತ ಬಿಡಿಸಿ ಹೇಳಲು ಬರಲ್ಲ. ನನಗೆ ಮಾತ್ರೆಯ ಮೇಲೇ ಅನುಮಾನ ಜಾಸ್ತಿ, ಇಷ್ಟು ದಿನ ನಿಂತು ಏರುವುದು ಬರೀ ಡ್ರಿಪ್‌ನಿಂದ ಕಷ್ಟ.

ಲೆಕ್ಕಿಗ
ಸರಿ, ಹಾಗಾದರೆ ಒಂದು ಕೇಳ್ತೀನಿ. ಮತ್ತೆ ಇಳಿದು ದೊಡ್ಡ ಪಾಕೆಟ್ 2ಕ್ಕಿಂತ ಕೆಳಗೆ ಹೋದರೆ ಆಗಲೂ ಕಾಯ್ತೀರಾ?

ಸ್ಕ್ಯಾನ್_ರೂಮಿಂದ
ಆಗ ಮಾತು ಬೇರೆ. ಬೇರೆ ಏನೂ ತೊಂದರೆ ಇಲ್ಲದೆ ಬರೀ ನೀರು ಕಡಿಮೆ ಇದ್ದರೆ, ಅಮೆರಿಕದ ಹೆರಿಗೆ ವೈದ್ಯರ ಸಂಘ ಎಸಿಒಜಿ 36 ವಾರ ತುಂಬಿದಲ್ಲಿಂದ 38 ವಾರ ತುಂಬುವುದರೊಳಗೆ ಹೆರಿಗೆ ಮಾಡಿಸಿ ಅನ್ನುತ್ತದೆ. ಎದೆಬಡಿತ ಅಥವಾ ಡಾಪ್ಲರ್ ಕೆಟ್ಟರೆ ಅದಕ್ಕೂ ಮೊದಲೇ. ಎಲ್ಲವೂ ಚೆನ್ನಾಗಿದ್ದರೆ ಇನ್ನೂ ಕಾಯುವವರೂ ಇದ್ದಾರೆ. ಇದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ.

ಮೊದಲ_ಬಸಿರು
ನನ್ನ ಶುಗರ್ ಟೆಸ್ಟ್ ಮತ್ತೆ ಮಾಡಿದರು, ನಾರ್ಮಲ್. ಹೊಟ್ಟೆಯ ಗುಳ್ಳೆ ಒಂದೇ ಕಂಡಿದೆ. ಆದರೆ ಮಗು ಒಂದು ದಿನ ಅಡ್ಡ, ಒಂದು ದಿನ ಉದ್ದ. ಮನೆಯಲ್ಲೇ ನೀರು ಒಡೆದರೆ ಏನು ಮಾಡ್ಲಿ?

ರಾತ್ರಿ_ಪಾಳಿ
ಜಾಗ ಜಾಸ್ತಿ ಇರೋದಕ್ಕೆ ಹಾಗೆ ತಿರುಗ್ತಾ ಇರುತ್ತೆ. ನೀರು ಒಡೆದರೆ ಓಡಾಡಬೇಡಿ, ಸ್ನಾನ ಮಾಡಿ ಹೋಗೋಣ ಅಂತಲೂ ಬೇಡ. ತಲೆ ಕೆಳಗೆ ಕೂತಿಲ್ಲದಿದ್ದರೆ ನೀರಿನ ಜೊತೆ ಹೊಕ್ಕುಳ ಬಳ್ಳಿ ಜಾರಿ ಬರಬಹುದು. ಮಲಗಿಕೊಂಡೇ ಆಂಬುಲೆನ್ಸ್ ಕರೆಸಿ, ಫೋನಿನಲ್ಲೇ "ನೀರು ಜಾಸ್ತಿ ಇತ್ತು, ಮಗು ಅಡ್ಡ ಇತ್ತು" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಕೆಳಗೆ ಹಗ್ಗದ ಹಾಗೆ ಏನಾದರೂ ತಾಗಿದರೆ ಅದನ್ನು ಒಳಗೆ ತಳ್ಳಬೇಡಿ. ಮೊಣಕಾಲೂರಿ, ಎದೆ ಹಾಸಿಗೆಗೆ ತಾಗಿಸಿ, ಸೊಂಟ ಮೇಲೆತ್ತಿಕೊಂಡು ಅವರು ಬರುವ ತನಕ ಹಾಗೇ ಇರಿ. ಮುಂದಿನ ಭೇಟಿಯಲ್ಲಿ, ಮಗು ಇನ್ನೂ ಅಡ್ಡವೇ ಇದ್ದರೆ 37 ವಾರದಿಂದ ಮೊದಲೇ ಅಡ್ಮಿಟ್ ಆಗಬೇಕಾ ಅಂತ ಕೇಳಿಟ್ಟುಕೊಳ್ಳಿ.